ಏರ್ ಲೀಕೇಜ್ ಕೆಲಸದ ಕೇಸ್ ಸ್ಟಡಿ: ಮೀಟರ್ ಹೇಳಿದಷ್ಟನ್ನೇ ಬರೆಯುವುದು ಹೇಗೆ

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಗಳಿಗೆ ಸರ್ವಿಸ್ ಕೊಡುವ ಸಣ್ಣ ಎಂಜಿನಿಯರಿಂಗ್ ಸಂಸ್ಥೆಗಳಿಗೆ ಮುಂದಿನ ಕೆಲಸ ಬರುವುದು ಹಿಂದಿನ ಕೆಲಸದ ಮಾತಿನಿಂದಲೇ. ಆ ಮಾತನ್ನು ಎರಡು ಪುಟದಲ್ಲಿ ಬರೆದಿಟ್ಟರೆ ಅದೇ ಕೇಸ್ ಸ್ಟಡಿ. ಓದುವವರು ಪ್ಲಾಂಟ್ ಮ್ಯಾನೇಜರ್, ಮೇಂಟೆನೆನ್ಸ್ ಇನ್‌ಚಾರ್ಜ್, ಪರ್ಚೇಸ್‌ನವರು. ಅವರಿಗೆ ತಮ್ಮ ಕಂಪ್ರೆಸರ್ ಎಷ್ಟು ಯೂನಿಟ್ ಎಳೆಯುತ್ತದೆ ಎಂಬ ಅಂದಾಜು ಇರುತ್ತದೆ. ಹಾಗಾಗಿ ‘ನಮ್ಮ ಸೇವೆಯಿಂದ ವಿದ್ಯುತ್ ಬಿಲ್ 35% ಇಳಿಕೆ’ ಎಂಬ ಸಾಲು ಕಂಡ ಕೂಡಲೇ ಅವರು ಪುಟ ಮುಚ್ಚುತ್ತಾರೆ. ಮಾಡಿದ ಕೆಲಸ ನಿಜವಾಗಿಯೂ ಒಳ್ಳೆಯದಿದ್ದರೂ ಅದು ಆ ಒಂದು ಸಾಲಿನಲ್ಲೇ ಹಾಳಾಗುತ್ತದೆ.

ಇಲ್ಲಿ ಒಂದೇ ಬಗೆಯ ಕೆಲಸವನ್ನು ಹಿಡಿದು ಕೊನೆಯವರೆಗೆ ಹೋಗೋಣ: ಒಂದು ಪ್ರೆಸ್ ಶಾಪ್‌ನಲ್ಲಿ ಗಾಳಿ ಸೋರಿಕೆ ಹುಡುಕಿ ನಿಲ್ಲಿಸಿದ್ದು. 37 ಕಿಲೋವ್ಯಾಟ್‌ನ ಒಂದು ಸ್ಕ್ರೂ ಕಂಪ್ರೆಸರ್, ಎರಡು ಶಿಫ್ಟ್, ದಿನಕ್ಕೆ 16 ಗಂಟೆ, ವಾರಕ್ಕೆ ಆರು ದಿನ. ಕೆಳಗಿನ ಅಂಕಿಗಳನ್ನು ಲೆಕ್ಕ ತೋರಿಸಲೆಂದೇ ಇಟ್ಟುಕೊಂಡಿದ್ದೇವೆ; ಅವು ಯಾವುದೋ ಕಾರ್ಖಾನೆಯ ದಾಖಲೆಯಲ್ಲ. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಸ್ಪ್ಯಾನರ್ ಹಿಡಿಯುವ ಮೊದಲು ಮೀಟರ್

ಕೇಸ್ ಸ್ಟಡಿ ಶುರುವಾಗುವುದು ಕೆಲಸ ಮುಗಿದ ಮೇಲೆ ಅಲ್ಲ, ಕೆಲಸಕ್ಕೆ ಕೈ ಹಾಕುವ ಮೊದಲು. ‘ಮೊದಲು ಎಷ್ಟಿತ್ತು’ ಎಂಬ ಅಳತೆ ಇಲ್ಲದಿದ್ದರೆ ಆಮೇಲೆ ಎಷ್ಟು ಚೆನ್ನಾಗಿ ಬರೆದರೂ ಅದು ಬರೀ ಅಭಿಪ್ರಾಯ. ಗ್ರಾಹಕರಿಗೆ ಕೊಟೇಶನ್ ಕೊಡುವಾಗಲೇ ‘ಕೆಲಸಕ್ಕೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಕಂಪ್ರೆಸರ್‌ನ ಯೂನಿಟ್ ಬರೆದಿಡುತ್ತೇವೆ’ ಎಂದು ಒಂದು ಸಾಲು ಸೇರಿಸಿ. ನಾಲ್ಕು ವಾರ ಕಾಯಲು ಅವರು ಒಪ್ಪದಿದ್ದರೆ ಎರಡು ವಾರವಾದರೂ ಬೇಕು. ಒಂದು ದಿನದ ರೀಡಿಂಗ್ ಸಾಲದು. ಅವತ್ತು ಒಂದು ಡೈ ಬದಲಾಯಿಸಲು ಪ್ರೆಸ್ ಮೂರು ಗಂಟೆ ನಿಂತಿರಬಹುದು.

ಮೀಟರ್ ಕಂಪ್ರೆಸರ್‌ನ ಫೀಡರ್‌ನಲ್ಲೇ ಇರಬೇಕು. ಇಡೀ ಕಾರ್ಖಾನೆಯ ಬೆಸ್ಕಾಂ ಮೀಟರ್ ನೋಡಿ ಪ್ರಯೋಜನವಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಮೀಟರ್ ಕೂರಿಸಿದಾಗ ಮೊದಲು ನೋಡಬೇಕಾದದ್ದು ಸಿಟಿ ರೇಶಿಯೋ. ಪ್ಯಾನಲ್‌ನಲ್ಲಿ 100/5ರ ಸಿಟಿ ಹಾಕಿ ಮೀಟರ್‌ನಲ್ಲಿ ಅದನ್ನು ಸೆಟ್ ಮಾಡದೆ ಬಿಟ್ಟರೆ ರೀಡಿಂಗ್ 20 ಪಟ್ಟು ಕಡಿಮೆ ತೋರಿಸುತ್ತದೆ. 100/5 ಇರುವಲ್ಲಿ 150/5 ಎಂದು ಸೆಟ್ ಆಗಿದ್ದರೆ ಒಂದೂವರೆ ಪಟ್ಟು ಹೆಚ್ಚು ತೋರಿಸುತ್ತದೆ, ಮತ್ತು ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಅಂಕಿ ನೋಡಲು ಸರಿಯೆಂದೇ ಕಾಣುತ್ತದೆ. ಪತ್ತೆ ಮಾಡುವುದು ಸುಲಭ: ಕಂಪ್ರೆಸರ್ ಪೂರ್ತಿ ಲೋಡ್‌ನಲ್ಲಿದ್ದಾಗ ಮೀಟರ್ ತೋರಿಸುವ ಕಿಲೋವ್ಯಾಟ್ ನೋಡಿ. 37 ಕಿಲೋವ್ಯಾಟ್ ಮೋಟರ್ ಇರುವ ಯಂತ್ರ ಫ್ಯಾನ್ ಸೇರಿ ಸುಮಾರು 40ರ ಆಸುಪಾಸು ಎಳೆಯಬೇಕು. 27 ಅಥವಾ 60 ತೋರಿಸಿದರೆ ಸಿಟಿಯನ್ನೋ ಫೇಸ್ ಜೋಡಣೆಯನ್ನೋ ತೆಗೆದು ನೋಡಿ.

ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪಿಯರ್ ಹಿಡಿದು, 415 ವೋಲ್ಟ್‌ನಿಂದ ಗುಣಿಸಿ ಉಳಿತಾಯ ಲೆಕ್ಕ ಹಾಕುವ ರೂಢಿ ನಮ್ಮ ಕಡೆ ಬಹಳ ಇದೆ. ಕಂಪ್ರೆಸರ್ ವಿಷಯದಲ್ಲಿ ಇದು ನಡೆಯುವುದಿಲ್ಲ. ಯಂತ್ರ ಅನ್‌ಲೋಡ್ ಆದಾಗ ಪವರ್ ಫ್ಯಾಕ್ಟರ್ ಚೆನ್ನಾಗಿ ಬೀಳುತ್ತದೆ. ಕರೆಂಟ್ ಅರ್ಧಕ್ಕೆ ಇಳಿದಂತೆ ಕಂಡರೂ ನಿಜವಾದ ಪವರ್ ಅದಕ್ಕಿಂತ ಬಹಳ ಕೆಳಗಿರುತ್ತದೆ. ಕಿಲೋವ್ಯಾಟ್ ಅನ್ನೇ ನೇರವಾಗಿ ತೋರಿಸುವ ಮೀಟರ್ ಬೇಕು.

ದಿನವೂ ಬೆಳಗಿನ ಶಿಫ್ಟ್ ಶುರುವಾಗುವ ಹೊತ್ತಿಗೆ ಒಂದೇ ಸಮಯಕ್ಕೆ ರೀಡಿಂಗ್ ಬರೆಯಲಿ. ಪಕ್ಕದಲ್ಲೇ ಇನ್ನು ಮೂರು ಕಾಲಂ: ಅವತ್ತು ಎಷ್ಟು ಪೀಸ್ ತಯಾರಾಯಿತು, ಕಂಪ್ರೆಸರ್ ಎಷ್ಟು ಗಂಟೆ ಓಡಿತು, ವಿಶೇಷವೇನಾದರೂ ನಡೆಯಿತೇ. ಈ ಕೊನೆಯ ಕಾಲಂ ಮುಂದೆ ನಿಮ್ಮ ಮಾನ ಉಳಿಸುತ್ತದೆ. ‘ಪ್ರೆಶರ್ 7.5ರಿಂದ 7 ಬಾರ್‌ಗೆ ಇಳಿಸಿದೆವು’ ಎಂದು ಮೇಂಟೆನೆನ್ಸ್‌ನವರು ನಡುವೆ ಬರೆದಿದ್ದರೆ, ಆ ಉಳಿತಾಯ ನಿಮ್ಮ ಲೀಕೇಜ್ ಕೆಲಸದ್ದಲ್ಲ. ಒಂದು ಬಾರ್ ಒತ್ತಡ ಇಳಿಸಿದರೆ ಸುಮಾರು 6–7% ಪವರ್ ಇಳಿಯುತ್ತದೆ ಎಂಬುದು ಈ ಕಸುಬಿನವರೆಲ್ಲ ಬಳಸುವ ಅಂದಾಜು. ಅರ್ಧ ಬಾರ್ ಇಳಿದರೂ ನಿಮ್ಮ ಫಲಿತಾಂಶದಲ್ಲಿ ದೊಡ್ಡ ಪಾಲು ಅದರದೇ ಆಗಬಹುದು. ಸಾಧ್ಯವಿದ್ದರೆ ಎಂಟು ವಾರವೂ ಒತ್ತಡದ ಸೆಟ್ಟಿಂಗ್ ಮುಟ್ಟಬೇಡಿ ಎಂದು ಮೊದಲೇ ಕೇಳಿಕೊಳ್ಳಿ.

ಸೋರಿಕೆ ಪರೀಕ್ಷೆ

ವಾರದ ರಜೆಯ ದಿನ ಎಲ್ಲ ಯಂತ್ರಗಳೂ ನಿಂತಿರುವಾಗ ಇದನ್ನು ಮಾಡಬೇಕು. ಲೈನಿನ ಬಾಲ್ ವಾಲ್ವ್‌ಗಳು ಶಿಫ್ಟ್‌ನಲ್ಲಿ ಹೇಗಿರುತ್ತವೋ ಹಾಗೆಯೇ ತೆರೆದಿರಲಿ. ಕಂಪ್ರೆಸರ್ ಒಂದನ್ನೇ ಓಡಿಸಿ. ಸೆಟ್ ಒತ್ತಡ ತಲುಪಿದ ಮೇಲೆ ಅದು ಅನ್‌ಲೋಡ್ ಆಗುತ್ತದೆ. ಯಾರೂ ಗಾಳಿ ಬಳಸದಿದ್ದರೂ ಸೋರಿಕೆಯಿಂದ ಒತ್ತಡ ಬಿದ್ದು ಮತ್ತೆ ಲೋಡ್ ಆಗುತ್ತದೆ. ಸ್ಟಾಪ್‌ವಾಚ್ ಹಿಡಿದು ಲೋಡ್‌ನಲ್ಲಿದ್ದ ಸಮಯ, ಅನ್‌ಲೋಡ್‌ನಲ್ಲಿದ್ದ ಸಮಯ ಎರಡನ್ನೂ ಹತ್ತು ಸುತ್ತು ಬರೆದುಕೊಂಡು ಕೂಡಿಸಿ.

```
ಸೋರಿಕೆ % = T × 100 / (T + t)
T = ಲೋಡ್ ಆಗಿದ್ದ ಒಟ್ಟು ಸೆಕೆಂಡು
t = ಅನ್‌ಲೋಡ್ ಆಗಿದ್ದ ಒಟ್ಟು ಸೆಕೆಂಡು
```

ನಮ್ಮ ಉದಾಹರಣೆಯಲ್ಲಿ ಕೆಲಸಕ್ಕೆ ಮೊದಲು 420 ಸೆಕೆಂಡು ಲೋಡ್, 780 ಸೆಕೆಂಡು ಅನ್‌ಲೋಡ್. ಅಂದರೆ ಕಂಪ್ರೆಸರ್‌ನ ಸಾಮರ್ಥ್ಯದ 35% ಸೋರಿಕೆ. ಸವೆದ ಕ್ವಿಕ್ ಕಪ್ಲರ್‌ಗಳು, ಒಣಗಿ ಬಿರುಕುಬಿಟ್ಟ ಪಿಯು ಟ್ಯೂಬ್, ಎಫ್‌ಆರ್‌ಎಲ್‌ನ ಬೌಲ್ ಸೀಲ್, ತೆರೆದೇ ಸಿಕ್ಕಿಹಾಕಿಕೊಂಡಿದ್ದ ಒಂದು ಆಟೋ ಡ್ರೇನ್ – ಇವೆಲ್ಲ ಸರಿಯಾದ ಮೇಲೆ 180 ಮತ್ತು 1,320 ಸೆಕೆಂಡು. ಸೋರಿಕೆ 12%.

ಈ ಸೂತ್ರ ಲೋಡ್–ಅನ್‌ಲೋಡ್ ಆಗುವ ಸ್ಥಿರ ವೇಗದ ಯಂತ್ರಕ್ಕೆ ಮಾತ್ರ. ವಿಎಫ್‌ಡಿ ಇರುವ ಕಂಪ್ರೆಸರ್ ತನ್ನ ವೇಗವನ್ನೇ ಇಳಿಸಿಕೊಳ್ಳುವುದರಿಂದ ಅಲ್ಲಿ ಈ ಲೆಕ್ಕಕ್ಕೆ ಅರ್ಥವಿಲ್ಲ. ಫ್ಲೋ ಮೀಟರ್ ಬೇಕಾಗುತ್ತದೆ.

35 ಹೋಗಿ 12 ಆಯಿತು. ಉಳಿದದ್ದೆಷ್ಟು?

ಅತಿಯಾದ ಮಾತು ಹುಟ್ಟುವುದು ಇಲ್ಲಿಯೇ, ಅದೂ ಸುಳ್ಳು ಹೇಳಬೇಕೆಂಬ ಮನಸ್ಸಿಲ್ಲದೆ. ‘ಸೋರಿಕೆ 23 ಅಂಶ ಇಳಿಯಿತು, ಯಂತ್ರ 40 ಕಿಲೋವ್ಯಾಟ್ ಎಳೆಯುತ್ತದೆ, 40ರ 23% ಅಂದರೆ 9.2 ಕಿಲೋವ್ಯಾಟ್, ವರ್ಷದ 8,760 ಗಂಟೆಯಿಂದ ಗುಣಿಸಿದರೆ 80,600 ಯೂನಿಟ್’ ಎಂದು ಲೆಕ್ಕ ಹೋಗುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ.

ಒಂದು, ಅನ್‌ಲೋಡ್ ಆದ ಸ್ಕ್ರೂ ಕಂಪ್ರೆಸರ್ ಸೊನ್ನೆಗೆ ಬರುವುದಿಲ್ಲ. ಗಾಳಿ ಕೊಡದಿದ್ದರೂ ಮೋಟರ್ ತಿರುಗುತ್ತಲೇ ಇರುತ್ತದೆ; ಪೂರ್ತಿ ಲೋಡ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಪವರ್ ಎಳೆಯುತ್ತದೆ. ನಮ್ಮ ಯಂತ್ರ ಲೋಡ್‌ನಲ್ಲಿ 40, ಅನ್‌ಲೋಡ್‌ನಲ್ಲಿ 12 ಎಳೆಯುತ್ತಿದ್ದರೆ, ಸೋರಿಕೆ ನಿಂತಾಗ ಉಳಿಯುವುದು ಎರಡರ ನಡುವಿನ 28 ಕಿಲೋವ್ಯಾಟ್‌ನ 23%, ಅಂದರೆ 6.4 ಮಾತ್ರ. ಎರಡು, ಕಾರ್ಖಾನೆ ವರ್ಷಕ್ಕೆ 300 ದಿನ, ದಿನಕ್ಕೆ 16 ಗಂಟೆ ಓಡುತ್ತದೆ. ಅದು 4,800 ಗಂಟೆ, 8,760 ಅಲ್ಲ. ಇವೆರಡನ್ನು ಸರಿಪಡಿಸಿದರೆ ವರ್ಷಕ್ಕೆ ಸುಮಾರು 30,900 ಯೂನಿಟ್. ಮೊದಲ ಲೆಕ್ಕದ ಅರ್ಧಕ್ಕಿಂತಲೂ ಕಡಿಮೆ.

ಸರಿಪಡಿಸಿದ ಈ ಅಂಕಿಯನ್ನೂ ಹಾಗೆಯೇ ಅಚ್ಚು ಹಾಕಬೇಡಿ. ಇದು ಲೆಕ್ಕ, ಅಳತೆಯಲ್ಲ. ನಾಲ್ಕು ವಾರದ 24 ಕೆಲಸದ ದಿನಕ್ಕೆ ಇದರ ಪ್ರಕಾರ ಸುಮಾರು 2,470 ಯೂನಿಟ್ ಉಳಿಯಬೇಕು. ಈಗ ಮೀಟರ್ ಏನು ಹೇಳುತ್ತದೆ ನೋಡೋಣ. ಕೆಲಸಕ್ಕೆ ಮೊದಲಿನ ನಾಲ್ಕು ವಾರದಲ್ಲಿ 13,700 ಯೂನಿಟ್, ಕೆಲಸದ ನಂತರದ ನಾಲ್ಕು ವಾರದಲ್ಲಿ 11,900. ವ್ಯತ್ಯಾಸ 1,800.

ಅದರಲ್ಲೂ ಒಂದು ಪಾಲು ನಿಮ್ಮದಲ್ಲ. ಮೊದಲಿನ ಅವಧಿಯಲ್ಲಿ 4.8 ಲಕ್ಷ ಪೀಸ್ ತಯಾರಾಗಿತ್ತು, ಆಮೇಲಿನದರಲ್ಲಿ 4.6 ಲಕ್ಷ. ಕಡಿಮೆ ಪೀಸ್ ಎಂದರೆ ಕಡಿಮೆ ಗಾಳಿ. ಯೂನಿಟ್ ಅನ್ನು ಪೀಸ್‌ನಿಂದ ಭಾಗಿಸಿ ಹೋಲಿಸುವುದು ಸುಲಭವೆನಿಸುತ್ತದೆ, ಆದರೆ ಅದು ಸರಿಯಲ್ಲ: ಅನ್‌ಲೋಡ್ ಓಟ, ಸೋರಿಕೆ ಇವೆರಡೂ ಉತ್ಪಾದನೆ ಇದ್ದರೂ ಇಲ್ಲದಿದ್ದರೂ ಇದ್ದೇ ಇರುತ್ತವೆ. ಕೆಲಸಕ್ಕೆ ಮೊದಲಿನ 24 ದಿನಗಳ ರೀಡಿಂಗ್ ಅನ್ನು ಎಕ್ಸೆಲ್‌ನಲ್ಲಿ ಹಾಕಿ, ಅಡ್ಡಕ್ಕೆ ಪೀಸ್, ಲಂಬಕ್ಕೆ ಯೂನಿಟ್ ಇಟ್ಟು ಸ್ಕ್ಯಾಟರ್ ಚಾರ್ಟ್ ಬಿಡಿಸಿ ಟ್ರೆಂಡ್‌ಲೈನ್ ಎಳೆಯಿರಿ. ಆ ಗೆರೆಯ ಇಳಿಜಾರು ಸಾವಿರ ಪೀಸ್‌ಗೆ ಎಷ್ಟು ಯೂನಿಟ್ ಹೆಚ್ಚುತ್ತದೆ ಎಂದು ಹೇಳುತ್ತದೆ. ಇಲ್ಲಿ ಅದು 11 ಎಂದಿಟ್ಟುಕೊಂಡರೆ, 20 ಸಾವಿರ ಕಡಿಮೆ ಪೀಸ್‌ಗೆ 220 ಯೂನಿಟ್ ಕಳೆಯಬೇಕು. ಉಳಿದದ್ದು 1,580. ಚುಕ್ಕೆಗಳು ಗೆರೆಯ ಸುತ್ತ ಚದುರಿಬಿದ್ದಿದ್ದರೆ, ಗೆರೆಯ ಮೇಲೆ ಅಷ್ಟು ಭಾರ ಹಾಕಬಾರದು. ಆಗ ಉತ್ಪಾದನೆ ಹೆಚ್ಚುಕಡಿಮೆ ಸಮನಾಗಿರುವ ವಾರಗಳನ್ನಷ್ಟೇ ಎದುರುಬದುರು ಇಟ್ಟು ನೋಡಿ.

ಹವೆಯನ್ನೂ ಮರೆಯಬೇಡಿ. ಬಿಸಿ ಗಾಳಿ ಹಗುರ. ಒಳಗೆ ಎಳೆಯುವ ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅದೇ ಯಂತ್ರ ಸುಮಾರು 3% ಕಡಿಮೆ ತೂಕದ ಗಾಳಿ ಕೊಡುತ್ತದೆ. ಏಪ್ರಿಲ್‌ನ ಬಿಸಿಲಲ್ಲಿ ‘ಮೊದಲು’, ಜುಲೈ ತಂಪಲ್ಲಿ ‘ಆಮೇಲೆ’ ಅಳೆದರೆ ಮಳೆಗಾಲದ ಪುಣ್ಯ ನಿಮ್ಮ ಖಾತೆಗೆ ಸೇರಿಬಿಡುತ್ತದೆ. ಎರಡು ಅವಧಿಗಳ ನಡುವೆ ಹೆಚ್ಚು ಅಂತರ ಇಲ್ಲದಂತೆ ನೋಡಿಕೊಳ್ಳುವುದೇ ಇದಕ್ಕೆ ಸುಲಭದ ಪರಿಹಾರ.

ಲೆಕ್ಕಕ್ಕೂ ಮೀಟರ್‌ಗೂ ಏಕೆ ಹೊಂದುವುದಿಲ್ಲ

2,470 ಎಂದು ಲೆಕ್ಕ, 1,580 ಎಂದು ಮೀಟರ್. ಈ ಅಂತರ ಕಂಡರೆ ಗಾಬರಿಯಾಗಿ ದೊಡ್ಡದನ್ನು ಹಿಡಿಯುವವರೇ ಹೆಚ್ಚು. ಆದರೆ ಅಂತರದ ಕಾರಣ ತಿಳಿದವರಿಗೆ ಅದೇ ಕೇಸ್ ಸ್ಟಡಿಯ ಅತ್ಯಂತ ಗಟ್ಟಿ ಪ್ಯಾರಾ ಆಗುತ್ತದೆ.

ಸಾಮಾನ್ಯವಾಗಿ ಎರಡು ಕಾರಣಗಳು. ಅನ್‌ಲೋಡ್ ಆದ ಕ್ಷಣಕ್ಕೇ ಯಂತ್ರ 12 ಕಿಲೋವ್ಯಾಟ್‌ಗೆ ಇಳಿಯುವುದಿಲ್ಲ. ಒಳಗಿನ ಆಯಿಲ್ ಸೆಪರೇಟರ್ ಟ್ಯಾಂಕಿನ ಒತ್ತಡ ನಿಧಾನವಾಗಿ ಬಿಡುಗಡೆಯಾಗಬೇಕು, ಅದಕ್ಕೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಏರ್ ರಿಸೀವರ್ ಚಿಕ್ಕದಾಗಿದ್ದು ಶಿಫ್ಟ್‌ನಲ್ಲಿ ಯಂತ್ರ ಬೇಗಬೇಗ ಲೋಡ್–ಅನ್‌ಲೋಡ್ ಆಗುತ್ತಿದ್ದರೆ, ಅದು 12ಕ್ಕೆ ಮುಟ್ಟುವ ಮೊದಲೇ ಮತ್ತೆ ಲೋಡ್ ಆಗಿರುತ್ತದೆ. ಮೀಟರ್‌ನ ಡಿಸ್‌ಪ್ಲೇ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: 40ರಿಂದ 28, 22, 19 ಎಂದು ಇಳಿಯುತ್ತಿರುವಾಗಲೇ ಮತ್ತೆ 40.

ಎರಡನೆಯದು, ಸೋರಿಕೆ ನಿಂತ ಮೇಲೆ ಲೈನಿನ ಕೊನೆಯಲ್ಲಿ ಒತ್ತಡ ಮೇಲೇರುತ್ತದೆ. ರೆಗ್ಯುಲೇಟರ್ ಇಲ್ಲದ ಬ್ಲೋ ಗನ್, ರೆಗ್ಯುಲೇಟರ್ ಪೂರ್ತಿ ತೆರೆದಿಟ್ಟ ಸಿಲಿಂಡರ್ ಇಂಥವು ಮೊದಲಿಗಿಂತ ಹೆಚ್ಚು ಗಾಳಿ ಕುಡಿಯಲು ತೊಡಗುತ್ತವೆ. ನೀವು ಉಳಿಸಿದ ಗಾಳಿಯ ಒಂದು ಪಾಲು ಹೀಗೆ ಖರ್ಚಾಗುತ್ತದೆ. ಈ ಕಾರಣವನ್ನು ಗ್ರಾಹಕರಿಗೆ ತೋರಿಸಿದರೆ ಮುಂದಿನ ಕೆಲಸ ಏನೆಂಬುದು ಅವರಿಗೇ ಗೊತ್ತಾಗುತ್ತದೆ.

ಅಚ್ಚಿಗೆ ಹೋಗಬೇಕಾದ್ದು ಮೀಟರ್‌ನ ಅಂಕಿ, ಅದನ್ನೂ ಕೆಳಕ್ಕೆ ದುಂಡಾಗಿಸಿ: ‘ನಾಲ್ಕು ವಾರದಲ್ಲಿ ಸುಮಾರು 1,500 ಯೂನಿಟ್, ಕಂಪ್ರೆಸರ್ ಬಳಕೆಯ ಸುಮಾರು 11%’. 11.7% ಎಂದು ಬರೆದರೆ ನಿಮ್ಮ ಅಳತೆಗೆ ಇಲ್ಲದ ನಿಖರತೆ ಇದೆ ಎಂದಂತಾಗುತ್ತದೆ.

ರೂಪಾಯಿ ಮತ್ತು ಬಿಲ್

ಯೂನಿಟ್ ಅನ್ನು ರೂಪಾಯಿ ಮಾಡುವಾಗ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಬೇಡಿ. ಅದರಲ್ಲಿ ಡಿಮ್ಯಾಂಡ್ ಚಾರ್ಜ್ ಸೇರಿದೆ, ಲೀಕೇಜ್ ನಿಲ್ಲಿಸಿದ ಮಾತ್ರಕ್ಕೆ ಅದು ಹಾಗೆಲ್ಲ ಇಳಿಯುವುದಿಲ್ಲ. ಬಿಲ್ಲಿನಲ್ಲಿ ಬೇರೆಯಾಗಿ ಕಾಣುವ ಎನರ್ಜಿ ಚಾರ್ಜ್ ದರವನ್ನಷ್ಟೇ ತೆಗೆದುಕೊಳ್ಳಿ. ಅದು 7 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ವಾರಕ್ಕೆ 10,500 ರೂಪಾಯಿ. ಯಾವ ದರ ಹಿಡಿದಿದ್ದೀರಿ ಎಂಬುದನ್ನು ಅದೇ ಸಾಲಿನಲ್ಲಿ ಬರೆಯಿರಿ, ಓದುವವರು ತಮ್ಮ ದರ ಹಾಕಿ ನೋಡಿಕೊಳ್ಳುತ್ತಾರೆ. ಡೀಸೆಲ್ ಜನರೇಟರ್‌ನಲ್ಲಿ ಓಡಿದ ಗಂಟೆಗಳಿದ್ದರೆ ಅವನ್ನು ಇದಕ್ಕೆ ಬೆರೆಸಬೇಡಿ.

ಇಡೀ ಕಾರ್ಖಾನೆ ನಾಲ್ಕು ವಾರಕ್ಕೆ 70,000 ಯೂನಿಟ್ ಬಳಸುತ್ತಿದ್ದರೆ ನಿಮ್ಮ 1,500 ಅದರ 2% ಮಾತ್ರ. ಬೆಸ್ಕಾಂ ಬಿಲ್ಲು ತಿಂಗಳಿಂದ ತಿಂಗಳಿಗೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಬಿಲ್ಲು ನೋಡಿ ಈ ಉಳಿತಾಯವನ್ನು ಸಾಬೀತು ಮಾಡಲೂ ಆಗದು, ಅಲ್ಲಗಳೆಯಲೂ ಆಗದು. ಮೀಟರ್ ಕಂಪ್ರೆಸರ್ ಫೀಡರ್‌ನಲ್ಲೇ ಬೇಕು ಎಂದದ್ದು ಇದಕ್ಕೇ. ‘ಸೋರಿಕೆ ಮೂರನೇ ಒಂದು ಭಾಗಕ್ಕೆ ಇಳಿಯಿತು’, ‘ಕಂಪ್ರೆಸರ್ ಯೂನಿಟ್ 11% ಇಳಿಯಿತು’, ‘ಕಾರ್ಖಾನೆಯ ಬಳಕೆ 2% ಇಳಿಯಿತು’ – ಮೂರೂ ನಿಜವೇ. ಶೀರ್ಷಿಕೆಯಲ್ಲಿ ಮೊದಲನೆಯದನ್ನು ಮಾತ್ರ ಹಾಕಿದರೆ ಓದುವವರು ಅದನ್ನು ಬಿಲ್ಲು ಎಂದೇ ತಿಳಿಯುತ್ತಾರೆ. ಯಾವುದರ ಎಷ್ಟು ಪಾಲು ಎಂಬುದು ಪ್ರತಿ ಶೇಕಡಾವಾರಿನ ಪಕ್ಕದಲ್ಲೇ ಇರಲಿ.

ಬರೆಯುವಾಗ

ಕ್ರಮ ಸರಳ: ಗ್ರಾಹಕರ ತೊಂದರೆ, ಅಳೆದ ರೀತಿ, ಮಾಡಿದ ಕೆಲಸ, ಫಲಿತಾಂಶ, ಮಿತಿ. ಕಂಪನಿಯ ಪರಿಚಯ ಕೊನೆಯಲ್ಲಿ ಎರಡು ಸಾಲು ಸಾಕು. ಮಾಡಿದ ಕೆಲಸದ ಭಾಗವನ್ನು ಬಿಗಿಯಾಗಿ ಬರೆಯಿರಿ: ಎಷ್ಟು ಕಡೆ ಟ್ಯಾಗ್ ಕಟ್ಟಿದಿರಿ, ಎಷ್ಟು ಸರಿಯಾಯಿತು, ಎಷ್ಟು ಬಿಟ್ಟಿದ್ದೀರಿ, ಏಕೆ. ಪ್ರೆಸ್‌ನ ಕ್ಲಚ್ ಸಿಲಿಂಡರ್ ಸೀಲ್ ಬದಲಿಸಲು ಯಂತ್ರವನ್ನು ಒಂದು ದಿನ ನಿಲ್ಲಿಸಬೇಕಿತ್ತು, ಅದು ಮುಂದಿನ ಶಟ್‌ಡೌನ್‌ಗೆ ಉಳಿದಿದೆ ಎಂದು ಬರೆದಿದ್ದರೆ, ಕೆಲಸ ಗೊತ್ತಿರುವವರು ಬರೆದದ್ದು ಎಂದು ಮೇಂಟೆನೆನ್ಸ್‌ನವರಿಗೆ ತಕ್ಷಣ ತಿಳಿಯುತ್ತದೆ.

ಫಲಿತಾಂಶದ ಪ್ಯಾರಾ ಹೀಗಿರಬಹುದು:

‘ಕೆಲಸಕ್ಕೆ ಮೊದಲು ಮತ್ತು ನಂತರ ತಲಾ ನಾಲ್ಕು ವಾರ ಕಂಪ್ರೆಸರ್ ಫೀಡರ್‌ನ ಮೀಟರ್ ರೀಡಿಂಗ್ ತೆಗೆದೆವು. ಉತ್ಪಾದನೆಯ ವ್ಯತ್ಯಾಸ ಕಳೆದ ಮೇಲೆ ನಾಲ್ಕು ವಾರದಲ್ಲಿ ಸುಮಾರು 1,500 ಯೂನಿಟ್, ಅಂದರೆ ಕಂಪ್ರೆಸರ್ ಬಳಕೆಯ ಸುಮಾರು 11% ಉಳಿದಿದೆ. ಯೂನಿಟ್‌ಗೆ 7 ರೂಪಾಯಿ ಎನರ್ಜಿ ಚಾರ್ಜ್‌ನಂತೆ ಇದು 10,500 ರೂಪಾಯಿ. ಸೋರಿಕೆ ಪರೀಕ್ಷೆಯ ಲೆಕ್ಕ ಇದಕ್ಕಿಂತ ಹೆಚ್ಚು ತೋರಿಸಿತ್ತು. ರಿಸೀವರ್ ಚಿಕ್ಕದಿರುವುದರಿಂದ ಯಂತ್ರ ಪೂರ್ತಿ ಅನ್‌ಲೋಡ್ ಆಗುತ್ತಿಲ್ಲ. ಒತ್ತಡದ ಸೆಟ್ಟಿಂಗ್ ಬದಲಿಸಿಲ್ಲ. ಸೋರಿಕೆ ಮತ್ತೆ ಬೆಳೆಯುವುದರಿಂದ ಈ ಅಂಕಿಯನ್ನು ಇಡೀ ವರ್ಷಕ್ಕೆ ಹಿಗ್ಗಿಸಿಲ್ಲ.’

ಗ್ರಾಹಕರ ಮಾತನ್ನು ನೀವೇ ಬರೆದು ಸಹಿ ಹಾಕಿಸಬೇಡಿ. ಮೇಂಟೆನೆನ್ಸ್ ಸೂಪರ್‌ವೈಸರ್ ಅವರನ್ನು ‘ಸರ್, ಕೆಲಸ ಆದ ಮೇಲೆ ಶಿಫ್ಟ್‌ನಲ್ಲಿ ಏನು ಬದಲಾಗಿದೆ?’ ಎಂದು ಕೇಳಿ, ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ‘ಮಧ್ಯಾಹ್ನ ಎರಡು ಪ್ರೆಸ್ ಒಟ್ಟಿಗೆ ಓಡಿದರೆ ಪ್ರೆಶರ್ ಬೀಳ್ತಿತ್ತು, ಈಗ ಬೀಳ್ತಿಲ್ಲ’ ಎಂಬ ಒಂದು ಮಾತು ‘ಅತ್ಯುತ್ತಮ ಸೇವೆ’ ಎಂಬುದಕ್ಕಿಂತ ಎಷ್ಟೋ ಮೇಲು. ಅವರು ಉತ್ಸಾಹದಲ್ಲಿ ‘ಬಿಲ್ಲು ಅರ್ಧ ಆಯ್ತು’ ಎಂದರೆ ಆ ಸಾಲನ್ನು ಬಿಡಿ; ಬೇರೆಯವರ ಬಾಯಿಂದ ಬಂದರೂ ನಿಮ್ಮ ಪುಟದಲ್ಲಿದ್ದರೆ ಅದು ನಿಮ್ಮದೇ ಮಾತು.

ಪೂರ್ತಿ ಕರಡನ್ನು ಕಳಿಸಿ ಇ–ಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಹೆಸರು, ಫೋಟೋ, ಉತ್ಪಾದನೆಯ ಅಂಕಿ – ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕೇಳಿ. ದೊಡ್ಡ ವಾಹನ ಕಂಪನಿಗಳಿಗೆ ಬಿಡಿಭಾಗ ಕೊಡುವವರು ಪೀಸ್ ಲೆಕ್ಕ ಹೊರಗೆ ಕೊಡಲು ಒಪ್ಪುವುದು ಅಪರೂಪ. ಆಗ ಮೊದಲಿನ ಅವಧಿಯ ಉತ್ಪಾದನೆಯನ್ನು 100 ಎಂದಿಟ್ಟು ನಂತರದ್ದನ್ನು 96 ಎಂದು ತೋರಿಸಿ, ಲೆಕ್ಕಕ್ಕೆ ಅಷ್ಟು ಸಾಕು. ಹೆಸರು ಹಾಕುವುದು ಬೇಡವೆಂದರೆ ‘ತುಮಕೂರು ಬಳಿಯ ಒಂದು ಪ್ರೆಸ್ ಶಾಪ್’ ಎಂದಷ್ಟೇ ಇರಲಿ. ಕಂಪ್ರೆಸರ್ ಮೇಕ್, ತಯಾರಾಗುವ ವಸ್ತು, ಕೈಗಾರಿಕಾ ಪ್ರದೇಶದ ಹಂತ ಮೂರನ್ನೂ ಒಟ್ಟಿಗೆ ಹೇಳಿದರೆ ಅಕ್ಕಪಕ್ಕದವರಿಗೆ ಅದು ಯಾರದೆಂದು ಗೊತ್ತಾಗಿಯೇ ಬಿಡುತ್ತದೆ. ಫೋಟೋದ ಹಿನ್ನೆಲೆಯಲ್ಲಿ ಡೈ, ಡ್ರಾಯಿಂಗ್, ಗ್ರಾಹಕರ ಗ್ರಾಹಕರ ಲೋಗೋ ಇರುವ ಬಿನ್ ಕಾಣುತ್ತಿದೆಯೇ ಎಂದು ದೊಡ್ಡದಾಗಿ ಮಾಡಿ ನೋಡಿ.

ಮೂಲ ರೀಡಿಂಗ್ ಹಾಳೆ, ಮೀಟರ್‌ನ ಕ್ರಮಸಂಖ್ಯೆ ಮತ್ತು ಸಿಟಿ ರೇಶಿಯೋ ಫೋಟೋ, ಎಕ್ಸೆಲ್ ಕಡತ – ಇವನ್ನು ಒಂದು ಫೋಲ್ಡರಿನಲ್ಲಿ ಇಟ್ಟಿರಿ. ಓದಿದವರೊಬ್ಬರು ‘1,500 ಹೇಗೆ ಬಂತು?’ ಎಂದು ಕೇಳಿದ ದಿನ, ಗ್ರಾಹಕರು ಒಪ್ಪಿದಷ್ಟನ್ನು ತೆರೆದು ತೋರಿಸಲು ಆಗಬೇಕು.

ಮೂರು ತಿಂಗಳ ನಂತರ ಮತ್ತೊಂದು ರಜೆಯ ದಿನ ಸ್ಟಾಪ್‌ವಾಚ್ ಹಿಡಿದು ಹೋಗಿ ಅದೇ ಸೋರಿಕೆ ಪರೀಕ್ಷೆ ಮಾಡಿ. 12% ಇದ್ದದ್ದು 17%ಕ್ಕೆ ಏರಿದ್ದರೆ ಕೇಸ್ ಸ್ಟಡಿಯ ಕೆಳಗೆ ದಿನಾಂಕದೊಂದಿಗೆ ಆ ಸಾಲನ್ನು ಸೇರಿಸಿ, ಯಾವ ಕಪ್ಲರ್‌ಗಳು ಮತ್ತೆ ಸೋರತೊಡಗಿದವು ಎಂಬುದನ್ನೂ ಬರೆಯಿರಿ. ವರ್ಷದ ಕರಾರು ಮಾಡಿಕೊಳ್ಳಬೇಕೇ, ಎಷ್ಟು ತಿಂಗಳಿಗೊಮ್ಮೆ ಪರೀಕ್ಷೆ ಬೇಕು ಎಂದು ಲೆಕ್ಕ ಹಾಕುತ್ತಿರುವ ಪ್ಲಾಂಟ್ ಮ್ಯಾನೇಜರ್‌ಗೆ ಬೇಕಾದದ್ದು ಆ ಅಂಕಿಯೇ.